ಒಂದೇ ದಾರ: ನಮ್ಮ ಪಜಲ್ ಗೇಮ್ ಬಗ್ಗೆ

ಮೇಡಂ, ನಮಸ್ಕಾರ ರೀ.

ಹೋದ ತಿಂಗಳ ಬೆಂಗಳೂರಾಗ ನನ್ನ ಟ್ಯಾಬ್ ಹಿಡ್ಕೊಂಡ ಹತ್ತು ನಿಮಿಷ ನಿಂತಲ್ಲೇ ಆಡಿದ್ರಿ, ನಾಕನೇ ಲೆವೆಲ್ ದಾಗ ಸಿಕ್ಕೊಂಡು "ಇದನ್ನ ಸರಿಯಾಗಿ ಬರದು ಕಳಸ್ರಿ" ಅಂದ್ರಿ, ನೆನಪೈತೇನ್ರಿ? ಗುಳೇದಗುಡ್ಡದ ಶಿವಾನಂದ ನಾನು. ನೀವೂ ವಿಜಯಪುರದ ಕಡೆಯವ್ರು ಅಂತ ಆವತ್ತು ಗೊತ್ತಾತು, ಅದಕ ಕನ್ನಡದಾಗನ ಬರೀತೇನಿ. ಇಂಗ್ಲೀಷಿನಾಗ ಎರಡು ಸಲ ಬರದು ನೋಡಿದೆ, ಎರಡೂ ಸಲ ಬ್ಯಾಂಕ್ ಲೋನ್ ಅರ್ಜಿ ಓದಿದಂಗ ಆತು.

ಗೇಮಿನ ಹೆಸರು "ಒಂದೇ ದಾರ". ಕಸೂತಿ ಹಾಕೂದ ಗೇಮ್. ಆದ್ರ ಬಣ್ಣ ತುಂಬೋ ಗೇಮ್ ಅಲ್ರಿ, ಖರೇ ಪಜಲ್.

ಇಳಕಲ್ ಸೀರಿ ಮ್ಯಾಲೆ ಗವಂತಿ ಹೊಲಿಗಿ ನೋಡಿರ್ತೀರಿ. ಗಂಟ ಹಾಕಂಗಿಲ್ಲ, ಸೀರಿ ಹೊಳ್ಳಿಸಿ ನೋಡಿದ್ರ ಹಿಂದೂ ಮುಂದೂ ಒಂದೇ ಚಿತ್ರ. ಸೂಜಿ ಒಂದು ಹೊಲಿಗಿ ಮ್ಯಾಲೆ ಹಾಕಿದ್ರ ಮುಂದಿನದು ಕೆಳಗ ಹೋಗ್ತೈತಿ, ಆಮ್ಯಾಲೆ ಹೊಳ್ಳಿ ಬರೋವಾಗ ಬಿಟ್ಟ ಜಾಗ ಎಲ್ಲಾ ತುಂಬ್ತೈತಿ, ಕಡೀಕ ಶುರು ಮಾಡಿದ ತೂತಿಗೇ ಬಂದು ಮುಗೀತೈತಿ. ಗೇಮಿನ ನಿಯಮನೂ ಅಷ್ಟ: ಪ್ರತಿ ಗೆರಿ ಮ್ಯಾಲೆ ಒಂದು ಸಲ, ಕೆಳಗ ಒಂದು ಸಲ, ಮ್ಯಾಲೆ ಆದ ಮ್ಯಾಲೆ ಕೆಳಗ ಹೋಗಾಕಬೇಕು, ಶುರು ಮಾಡಿದಲ್ಲೇ ಮುಗಿಸಬೇಕು. ಟ್ಯುಟೋರಿಯಲ್ ದಾಗ ಇದಕ್ಕಿಂತ ಒಂದು ಅಕ್ಷರ ಹೆಚ್ಚಿಲ್ಲ.

ನೀವು ಸಿಕ್ಕೊಂಡ ಲೆವೆಲ್ಲನ ತಗೋರಿ, ಬರೇ ಅಧಿಕ ಚಿಹ್ನೆ, ನಡುವ ಒಂದು ತೂತು, ನಾಕು ತೋಳು. ಹಾಳಿ ಮ್ಯಾಲೆ ಪೆನ್ ಎತ್ತದ, ಗೆರಿ ಮ್ಯಾಲೆ ಗೆರಿ ಹಾಕದ ಇದನ್ನ ಬರಿಯಾಕ ಆಗೂದಿಲ್ಲ, ಯಾಕಂದ್ರ ಒಂದೊಂದೇ ಗೆರಿ ಸೇರೋ ತುದಿ ನಾಕು ಅದಾವು. ಆಯ್ಲರ್ ಅನ್ನೋ ಗಣಿತದವ ಕೋನಿಗ್ಸ್‌ಬರ್ಗಿನ 7 ಸೇತುವೆ ಲೆಕ್ಕದಾಗ ಹೇಳಿದ್ದು ಇದನ್ನ. ಕಸೂತ್ಯಾಗ ಹಂಗಲ್ಲ, ಪ್ರತಿ ಗೆರಿ ಎರಡು ಸಲ ಬರ್ತೈತಲ್ರಿ, ಹಿಂಗಾಗಿ ಎಲ್ಲಾ ತೂತಿನ ಲೆಕ್ಕ ಸಮ ಆಗ್ತೈತಿ, ಚಿತ್ರ ಬಿಡಿಬಿಡಿ ಇರದ ಕೂಡಿಕೊಂಡಿದ್ರ ಸಾಕು ಉತ್ತರ ಇದ್ದೇ ಇರ್ತೈತಿ. ನೀವು ಒಂದು ತುದಿಯಿಂದ ಮ್ಯಾಲೆ ಹೊಲಕೊಂಡು ನಡುವಿನ ತೂತಿಗೆ ಬಂದ್ರಿ, ಸೂಜಿ ಕೆಳಗ ಇಳೀತು, ಅದ ತೋಳಿನ ಕೆಳಗ ಹೊಳ್ಳಿ ಹೋದ್ರಿ. ಮುಗೀತು! ಶುರು ಮಾಡಿದಲ್ಲೇ ಬಂದೀರಿ, ಉಳಿದ ಮೂರು ತೋಳು ಹಂಗ ಅದಾವು. ಏನ್ ಮಾಡಬೇಕಿತ್ತಂದ್ರ ನಡುವಿನಿಂದ ಎರಡನೇ ತೋಳಿನ ಕೆಳಗ ಹೋಗಿ ಮ್ಯಾಲಿಂದ ಹೊಳ್ಳಿ ಬರಬೇಕು, ಮೂರನೇದು ಹಂಗ, ನಾಕನೇದು ಹಂಗ, ಎಲ್ಲಾ ಆದಮ್ಯಾಲೆ ಮೊದಲಿನ ತೋಳಿನ ಕೆಳಗ ಮನೀಗೆ.

ಇದರಾಗ ನನಗ ಭಾಳ ಸೇರೋದು ಏನಂದ್ರ, ಆಡೋರು ನಡುವ ಎಲ್ಲೂ ಸಿಕ್ಕಿಬೀಳೂದಿಲ್ಲ. ಯಾವ ತೂತಿಗೆ ಬಂದ್ರೂ ಮುಂದ ಹೋಗಾಕ ದಾರಿ ಇದ್ದೇ ಇರ್ತೈತಿ, ಲೆಕ್ಕ ಹಾಕಿ ನೋಡೇನಿ. ಸೋಲೂದು ಒಂದೇ ಥರಾ, ಚಿತ್ರ ಬಾಕಿ ಇರೋವಾಗ ಲಗೂನ ಮನೀಗೆ ಬರೂದು. ಹಿಂಗಾಗಿ ಆಡೋರಿಗೆ ತಮ್ಮ ತಪ್ಪು ಕಣ್ಣಿಗೇ ಕಾಣ್ತೈತಿ, ನಾವು "ತಪ್ಪಾಯಿತು" ಅಂತ ಕೆಂಪ ಅಕ್ಷರ ತೋರಸೂದು ಬ್ಯಾಡ. ಎಷ್ಟು ಹೊಲಿಗಿ ಬೇಕಾದ್ರೂ ಬಿಚ್ಚಬಹುದು. ಟೈಮರ್ ಇಲ್ಲ, ಲೈಫ್ ಇಲ್ಲ.

ಬಟ್ಟಿ ಹೊಳ್ಳಸೋ ಸ್ವೈಪ್ ನಾನು ಯೋಚನೆ ಮಾಡಿದ್ದಲ್ರಿ, ನಮ್ಮ ಚಿಗವ್ವಂದು. ಮೊದಲನೇ ಪ್ರೋಟೋಟೈಪ್ ಆಕಿ ಕೈಯಾಗ ಕೊಟ್ಟೆ. ನಲವತ್ತು ವರ್ಷ ಕಸೂತಿ ಹಾಕಿದ ಕೈ ಅದು, ಗೇಮ್ ಅಂದ್ರ ಏನಂತ ಗೊತ್ತಿಲ್ಲ. ಆರು ಹೊಲಿಗಿ ಹಾಕಿದ್ಲು, ಹಿಂದಿನ ಕಡೆ ಹೆಂಗ ಬಂದೈತಿ ನೋಡೋಣು ಅಂತ ಟ್ಯಾಬನ್ನ ಬೋರಲ ಹೊಳ್ಳಿಸಿದ್ಲು. ಅಲ್ಲೇನಿರ್ತೈತ್ರಿ, ಕ್ಯಾಮೆರಾ! "ಹಿಂದ ಏನೂ ಬಿದ್ದಿಲ್ಲಲ್ಲೋ ತಮ್ಮಾ" ಅಂದ್ಲು. ಆವತ್ತ ರಾತ್ರಿನ ಕೂತು ಎರಡು ಬೆರಳಿನಿಂದ ಬಟ್ಟಿ ಹೊಳ್ಳಸೂದು ಮಾಡಿದೆ, ಈಗ ಅದ ಗೇಮಿನ ಜೀವ. ಮೂರನೇ ಅಧ್ಯಾಯದಾಗ ಇಷ್ಟ ಸಲ ಹೊಳ್ಳಸಬಹುದು ಅಂತ ಮಿತಿ ಇಟ್ಟೇವಿ, ಹಿಂದಿನ ಕಡಿದು ತಲ್ಯಾಗ ಇಟ್ಕೊಂಡ ಆಡಬೇಕು.

ಒಟ್ಟು 90 ಲೆವೆಲ್, 36 ಆಡಾಕ ತಯಾರದಾವು. ತುಳಸಿ ಕಟ್ಟಿ, ಗೋಪುರ, ತೇರು, ಪಲ್ಲಕ್ಕಿ, ಕಡೇದು ಅಂಬಾರಿ ಆನಿ. ಮುಂದಿನ ಅಧ್ಯಾಯದಾಗ ಎರಡು ಬಣ್ಣದ ದಾರ, ಆಮ್ಯಾಲೆ ಒಂದು ಸೂಜಿಗೆ ಇಷ್ಟ ದಾರ ಅಂತ ಅಳತಿ, ಆಗ ಚಿತ್ರಾನ ಎಲ್ಲಿ ಭಾಗ ಮಾಡ್ಬೇಕು ಅನ್ನೋದು ಆಡೋರ ತಲಿನೋವು. ಮುರಗಿ ಹೊಲಿಗಿನೂ ಐತಿ, ಮೆಟ್ಟಿಲು ಮೆಟ್ಟಿಲು ಬರ್ತೈತಲ್ರಿ ಅದು. ನೇಗಿ, ಮೆಂತಿ ಹೊಲಿಗಿ ಯಾಕಿಲ್ಲ ಅಂತ ಕೇಳ್ತೀರಿ, ಅವು ಹಿಂದ ಮುಂದ ಒಂದೇ ಥರಾ ಬೀಳೂದಿಲ್ಲ, ತುರುಕಿದ್ರ ನಿಯಮನ ಮುರೀತೈತಿ.

ಕೊರತಿನೂ ಹೇಳ್ಬೇಕು. 60 ಗೆರಿ ದಾಟಿದ ಲೆವೆಲ್ ಮೊಬೈಲ್ ಸ್ಕ್ರೀನ್ ಮ್ಯಾಲೆ ಇಕ್ಕಟ್ಟಾಗ್ತೈತಿ, ಬೆರಳು ಬಾಜೂ ತೂತಿಗೆ ಬೀಳ್ತೈತಿ. ಝೂಮ್ ಮಾಡಿ ನೋಡಿದ್ವಿ, ಇನ್ನೂ ಸಮಾಧಾನ ಇಲ್ಲ. ಅದಕ ಮೊದಲು ಸ್ಟೀಮ್, ಆಮ್ಯಾಲೆ ಟ್ಯಾಬ್, ಮೊಬೈಲ್ ಕಡೀಕ. ಸುಳಿವು ಕೊಡೋ ವ್ಯವಸ್ಥಾನೂ ಕಚ್ಚಾ ಐತಿ.

ಮಾಡಾವ್ರು ಇಬ್ಬರ ರೀ. ಕೋಡ್, ಲೆವೆಲ್ ನಂದು, ಚಿತ್ರ ಎಲ್ಲಾ ಬಾಗಲಕೋಟಿ ನವನಗರದಾಗಿರೋ ನನ್ನ ಗೆಳತಿದು. ಗೋಡೋ ಎಂಜಿನ್, ಅದಕ್ಕ ಲೈಸೆನ್ಸ್ ರೊಕ್ಕ ಇಲ್ಲ, ರಾಯಲ್ಟಿನೂ ಇಲ್ಲ. ಎರಡು ವರ್ಷದಿಂದ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡ್ಕೋತ ಶನಿವಾರ ಐತವಾರ ಇದನ್ನ ಮಾಡೇವಿ, ಹಿಂಗ ಹೋದ್ರ ಇನ್ನ ಮೂರು ವರ್ಷ.

ಬೇಕಾಗಿದ್ದು 13,40,000 ರೂಪಾಯಿ, 10 ತಿಂಗಳಿಗೆ. ನನಗ ತಿಂಗಳಿಗೆ 40,000, ಆಕಿಗೆ 35,000, ಅಲ್ಲಿಗೆ ಏಳೂವರೆ ಲಕ್ಷ. ಸೌಂಡ್, ಮ್ಯೂಸಿಕ್ 1,20,000. ಟೆಸ್ಟಿಂಗಿಗೆ ಮೆಷಿನ್ 90,000. ಬ್ಯಾರೆ ಭಾಷಾ ಮತ್ತ ಹೊರಗಿನವ್ರಿಂದ ಟೆಸ್ಟಿಂಗ್ 1,60,000. ಹೆಚ್ಚುಕಮ್ಮಿ ಆದ್ರ ಅಂತ 1,20,000. ಉಳಿದ ಒಂದು ಲಕ್ಷ ಕಸೂತಿ ನಕ್ಷೆ ಹಾಕಿಕೊಡೋ ಹೆಣ್ಮಕ್ಕಳಿಗೆ, ಇದನ್ನ ಮಾತ್ರ ಕಡಿಮಿ ಮಾಡ್ರಿ ಅನಬ್ಯಾಡ್ರಿ. ಅವರ ಹೆಸರೂ ಗೇಮಿನಾಗ ಬರ್ತಾವು.

ಸೈನ್ ಆದಾಗ 3,40,000, ನಾಕನೇ ತಿಂಗಳ 60 ಲೆವೆಲ್ ಕೊಟ್ಟಾಗ 4 ಲಕ್ಷ, ಏಳನೇ ತಿಂಗಳ 90ಕ್ಕ 90 ಮುಗಿದಾಗ 4 ಲಕ್ಷ, ರಿಲೀಸ್ ಬಿಲ್ಡ್ ಕೈಗೆ ಬಂದಾಗ 2 ಲಕ್ಷ. ಯಾವುದಾದ್ರೂ ಹಂತದಾಗ ನಿಮಗ ಸರಿ ಅನಿಸಲಿಲ್ಲಂದ್ರ ಅಲ್ಲೇ ನಿಲ್ಲಸ್ರಿ. ಸ್ಟೀಮ್ ತನ್ನ 30 ಪರ್ಸೆಂಟ್ ಹಿಡ್ಕೊಂಡ ಮ್ಯಾಲೆ ಬರೋ ರೊಕ್ಕದಾಗ ಮೊದಲು ನಿಮ್ಮದು ಪೂರ್ತಿ ವಸೂಲಾಗ್ಲಿ, ಆಮ್ಯಾಲೆ ಅರ್ಧ ಅರ್ಧ. ಗೇಮಿನ ಹಕ್ಕು ಮಾತ್ರ ನಮ್ಮ ಕಡೆನ ಇರಬೇಕು. ಹೋದ ವರ್ಷ ಒಬ್ಬರು ಪಬ್ಲಿಷರ್ ಗೇಮ್ ಮೆಚ್ಚಿದ್ರು, ಆದ್ರ ಐದು ಹೊಲಿಗಿಗೊಂದು ಆ್ಯಡ್ ಹಾಕ್ರಿ, ಬಿಚ್ಚಾಕ ಕಾಯಿನ್ ಇಡ್ರಿ ಅಂದ್ರು. ಬಿಚ್ಚಾಕ ರೊಕ್ಕ ಕೇಳಿದ್ರ ಚಿಗವ್ವ ನನ್ನ ಮನಿಯಾಗ ಇಟ್ಕೊಳ್ಳೂದಿಲ್ಲ ರೀ.

ನಿಮ್ಮಿಂದ ರೊಕ್ಕಕ್ಕಿಂತ ಹೆಚ್ಚಿಗೆ ಬೇಕಾಗಿದ್ದು ಗೇಮ್ ನಾಕು ಮಂದಿಗೆ ಕಾಣಸೋದು. ಟ್ರೇಲರ್, ಸ್ಟೋರ್ ಪೇಜ್, ಡೆಮೋ ಯಾವಾಗ ಬಿಡಬೇಕು, ಇದ್ಯಾವುದೂ ನನಗ ತಿಳಿಯೂದಿಲ್ಲ. ಹಿಂದ ಒಂದು ಸಣ್ಣ ಗೇಮ್ ಬಿಟ್ಟಿದ್ದೆ, ಯಾರಿಗೂ ಹೇಳಲಿಲ್ಲ, ಯಾರೂ ತಗೊಳ್ಳಲಿಲ್ಲ.

12 ಲೆವೆಲ್ಲಿನ ಡೆಮೋ ಈ ಮೇಲ್ ಜೋಡಿ ಹಚ್ಚೇನಿ, ವಿಂಡೋಸ್‌ಗೂ ಆಂಡ್ರಾಯ್ಡ್‌ಗೂ. ಒಂಬತ್ತನೇದ್ರಾಗ ತೇರಿನ ಗಾಲಿ ಐತಿ, ಅಲ್ಲಿ ಎಷ್ಟು ಹೊತ್ತು ಹಿಡೀತು ಅಂತ ದಯಮಾಡಿ ತಿಳಸ್ರಿ, ಅದು ಭಾಳ ಬಿರುಸಾಗೇತೇನೋ ಅಂತ ಸಂಶಯ ಐತಿ. ವಿಡಿಯೋ ಕಾಲ್ ಮಾಡೂದಿದ್ರ ಸಂಜಿ ಏಳರ ಮ್ಯಾಲೆ ಇಟ್ಕೊಳ್ಳೋಣ್ರಿ, ಅಲ್ಲೀತನಕ ಬಾಜೂ ಮನ್ಯಾಗ ಖಣದ ಮಗ್ಗ ನಡೀತಿರ್ತೈತಿ, ನನ್ನ ಮಾತು ನಿಮಗ ಕೇಳೂದಿಲ್ಲ.

ನಿಮ್ಮ,
ಶಿವಾನಂದ
ಗುಳೇದಗುಡ್ಡ, ಬಾಗಲಕೋಟಿ ಜಿಲ್ಲಾ