ಗ್ರಾಹಕರ ದೂರುಗಳ ಪರೆಟೊ ಚಾರ್ಟ್: ಏಪ್ರಿಲ್–ಜೂನ್ 2025, ಜೀನ್ಸ್ ಹೊಲಿಗೆ ಘಟಕ, ಬಳ್ಳಾರಿ

ಕಟಿಂಗ್ ಮಾಸ್ಟರ್, ಹೊಲಿಗೆ ಲೈನ್, ಫಿನಿಶಿಂಗ್ ಮತ್ತು ಪ್ಯಾಕಿಂಗ್‌ನವರೆಲ್ಲರೂ ನೋಡಲು

ಬಳ್ಳಾರಿ, ಹೊಸಪೇಟೆ, ಗಂಗಾವತಿ, ಸಿಂಧನೂರು, ರಾಯಚೂರಿನ ಅಂಗಡಿಗಳಿಂದ ಬಂದ ಫೋನ್, ವಾಟ್ಸಾಪ್ ಫೋಟೊ, ವಾಪಸ್ ಬಂದ ಬಂಡಲ್ ಎಲ್ಲವನ್ನೂ ದೂರು ಪುಸ್ತಕದಲ್ಲಿ ಸೇರಿಸಿ ಎಣಿಸಿದ್ದೇವೆ. ಒಂದು ಪ್ಯಾಂಟಿಗೆ ಒಂದೇ ದೂರು. ಎರಡು ತಪ್ಪು ಕಂಡರೆ, ಗಿರಾಕಿ ಯಾವುದಕ್ಕಾಗಿ ವಾಪಸ್ ತಂದರೋ ಅದನ್ನು ಹಿಡಿದಿದ್ದೇವೆ. ಒಟ್ಟು 184. ಹೆಚ್ಚು ಬಂದ ದೂರು ಮೇಲೆ, ಕಡಿಮೆ ಬಂದದ್ದು ಕೆಳಗೆ: ಇದೇ ಪರೆಟೊ ಚಾರ್ಟ್.

| ದೂರು | ಪಟ್ಟಿ | ಸಂಖ್ಯೆ | ಶೇಕಡಾ | ಕೂಡುತ್ತಾ ಬಂದ ಶೇಕಡಾ |
|---|---|---|---|---|
| ಒಗೆದ ಮೇಲೆ ಕುಗ್ಗಿ ಸೊಂಟ ಬಿಗಿ | ████████████████████████ | 71 | 38.6 | 38.6 |
| ಜಿಪ್ ಕೆಡುವುದು | ████████████████ | 47 | 25.5 | 64.1 |
| ಒಂದೇ ಪ್ಯಾಂಟಿನಲ್ಲಿ ಎರಡು ಶೇಡ್ | █████████ | 28 | 15.2 | 79.3 |
| ಹೊಲಿಗೆ ಬಿಚ್ಚುವುದು | ████ | 13 | 7.1 | 86.4 |
| ಬಟನ್, ರಿವಿಟ್ ಕಳಚುವುದು | ███ | 9 | 4.9 | 91.3 |
| ಸೈಜ್ ಲೇಬಲ್ ತಪ್ಪು | ██ | 5 | 2.7 | 94.0 |
| ಇತರೆ | ████ | 11 | 6.0 | 100 |

(ಒಂದು █ ಅಂದರೆ ಸುಮಾರು 3 ದೂರು.)

"ಇತರೆ" 11 ಇದ್ದರೂ ಕೊನೆಯಲ್ಲೇ ಇದೆ. ಅದು ಒಂದು ಕಾರಣವಲ್ಲ, ಚಿಲ್ಲರೆ ದೂರುಗಳ ಗಂಟು. ಅದು ಮುಂದೆ ಬೆಳೆದರೆ ಬಿಚ್ಚಿ ನೋಡಬೇಕು.

ಚಾರ್ಟ್ ಏನು ಹೇಳುತ್ತದೆ

ಏಳು ಸಾಲುಗಳಲ್ಲಿ ಮೊದಲ ಮೂರೇ 146 ದೂರು. ಮೂರನೆಯದಕ್ಕೆ 79.3 ಬಂತು, 80 ಮುಟ್ಟಲಿಲ್ಲ ಅಂತ ನಾಲ್ಕನೆಯದನ್ನೂ ಸೇರಿಸಬೇಕಾಗಿಲ್ಲ. ಸ್ವಲ್ಪ ಕಾರಣಗಳಿಂದಲೇ ಶೇ. 80ರಷ್ಟು ದೂರು ಬರುತ್ತದೆ ಅನ್ನುವುದು ಅಂದಾಜಿನ ಗೆರೆ. ಇಟಲಿಯ ವಿಲ್ಫ್ರೆಡೊ ಪರೆಟೊ ಸಂಪತ್ತು ಸ್ವಲ್ಪ ಜನರ ಕೈಯಲ್ಲೇ ಸೇರಿರುವುದನ್ನು ಗುರುತಿಸಿದರು. ಅದೇ ನೋಟವನ್ನು ಜೋಸೆಫ್ ಜುರಾನ್ ಗುಣಮಟ್ಟದ ಕೆಲಸಕ್ಕೆ ತಂದರು. ಎಲ್ಲಿ ಪಟ್ಟಿ ಒಮ್ಮೆಲೇ ಗಿಡ್ಡವಾಗುತ್ತದೋ ಅಲ್ಲಿ ನಿಲ್ಲಬೇಕು. ನಮ್ಮಲ್ಲಿ ಅದು 28ರಿಂದ 13ಕ್ಕೆ ಇಳಿದ ಜಾಗ.

ಹೊಲಿಗೆ ಲೈನಿನ ಅಕ್ಕಂದಿರಿಗೆ ಒಂದು ಮಾತು. ದೂರು ಬಂತು ಅಂದಕೂಡಲೇ ಮೊದಲು ನಿಮ್ಮ ಕಡೆ ಬೆರಳು ತೋರಿಸುತ್ತಿದ್ದರು. ಹೊಲಿಗೆ ಬಿಚ್ಚಿದ್ದು 13 ಮಾತ್ರ. ಇದನ್ನು ಎಲ್ಲರೂ ಸರಿಯಾಗಿ ನೋಡಬೇಕು.

ರೂಪಾಯಿಯಲ್ಲಿ ನೋಡಿದರೆ

ಕುಗ್ಗಿದ ಪ್ಯಾಂಟು ಪೂರ್ತಿ ವಾಪಸ್, ಒಂದಕ್ಕೆ 420 ರೂಪಾಯಿ ನಷ್ಟ: ಒಟ್ಟು 29,820. ಶೇಡ್ ಬೇರೆಯಾದದ್ದನ್ನು ಅಂಗಡಿಯವರು 150 ಇಳಿಸಿ ಮಾರುತ್ತಾರೆ: 4,200. ಜಿಪ್ ಬದಲಿಸಲು 60: 2,820. ಹೊಲಿಗೆ ರಿಪೇರಿಗೆ 40: 520. ಹೀಗೆ ನೋಡಿದರೆ ಜಿಪ್ ಎರಡನೇ ಜಾಗದಿಂದ ಮೂರಕ್ಕೆ ಇಳಿಯುತ್ತದೆ, ಶೇಡ್ ಮೇಲೆ ಬರುತ್ತದೆ. ಆದರೂ ಜಿಪ್ ಬಿಡಬಾರದು ಅನ್ನುವುದು ನನ್ನ ಅಭಿಪ್ರಾಯ. ಬಸ್‌ನಲ್ಲೋ ಮದುವೆ ಮನೆಯಲ್ಲೋ ಜಿಪ್ ಕೈಕೊಟ್ಟವರು ಆ ಅಂಗಡಿಯಲ್ಲಿ ನಮ್ಮ ಪ್ಯಾಂಟ್ ಮತ್ತೆ ಕೇಳುವುದಿಲ್ಲ. ಆ ನಷ್ಟ ಈ ಲೆಕ್ಕದಲ್ಲಿ ಇಲ್ಲ.

ಮೊದಲ ಪಟ್ಟಿಯನ್ನು ಒಡೆದಾಗ

"ಕುಗ್ಗುತ್ತದೆ" ಅನ್ನುವುದು ಗಿರಾಕಿಗೆ ಕಾಣುವ ತೊಂದರೆ, ಕಾರಣ ಅಲ್ಲ. ಅದಕ್ಕೇ ಆ 71ನ್ನು ಬಟ್ಟೆ ನೋಡಿ ಮತ್ತೆ ಎಣಿಸಿದೆವು:

| ಬಟ್ಟೆ | ಸಂಖ್ಯೆ | ಕೂಡುತ್ತಾ ಬಂದ ಶೇಕಡಾ |
|---|---|---|
| ಸ್ಟ್ರೆಚ್ ಡೆನಿಮ್, ಮೇ ತಿಂಗಳ ಲಾಟ್ | 49 | 69.0 |
| ಸ್ಟ್ರೆಚ್ ಡೆನಿಮ್, ಬೇರೆ ಲಾಟ್ | 15 | 90.1 |
| ಸಾದಾ ಡೆನಿಮ್ | 7 | 100 |

64 ಸ್ಟ್ರೆಚ್ ಬಟ್ಟೆಯವು. ಅದರಲ್ಲೂ ಒಂದೇ ಲಾಟ್‌ನಿಂದ 49. ಸ್ಟ್ರೆಚ್ ಬಟ್ಟೆಯಲ್ಲಿ ಎಲಾಸ್ಟೇನ್ ನೂಲು ಇರುತ್ತದೆ, ಅಡ್ಡಕ್ಕೆ ಎಳೆದುಕೊಳ್ಳುವುದು ಜಾಸ್ತಿ. ಸಾದಾ ಬಟ್ಟೆಯ ಪ್ಯಾಟರ್ನ್ ಇಟ್ಟೇ ಇದನ್ನೂ ಕತ್ತರಿಸಿದ್ದೇವೆ. ಯಂತ್ರ, ಟೇಲರ್, ಅಳತೆ ಪಟ್ಟಿ ಯಾವುದನ್ನು ಬದಲಿಸಿದ್ದರೂ ಈ ದೂರು ನಿಲ್ಲುತ್ತಿರಲಿಲ್ಲ.

ಜಿಪ್‌ನಲ್ಲೂ ಹಾಗೇ: 47ರಲ್ಲಿ 31 ಕಡೆ ರನ್ನರ್ ಮೇಲಿನ ತುದಿಯಿಂದ ಕಳಚಿ ಬಂದಿದೆ. ಹಲ್ಲು ಮುರಿದದ್ದು ಕಡಿಮೆ. ಅಂದರೆ ಜಿಪ್ ಮಾಲು ಬದಲಿಸುವ ಮೊದಲು, ಸೊಂಟಪಟ್ಟಿಯ ಹತ್ತಿರ ಜಿಪ್ ತುದಿ ಹೊಲಿಗೆಗೆ ಸಿಗುತ್ತಿದೆಯಾ ಅಂತ ನೋಡಬೇಕು.

ಈ ವಾರದಿಂದ

ಪ್ರತಿ ಥಾನಿನಿಂದ ಒಂದು ತುಂಡು ತೆಗೆದು, 50 ಸೆಂ.ಮೀ. ಉದ್ದ-ಅಗಲ ಗುರುತು ಹಾಕಿ, ಆ ಮಾಲಿಗೆ ಇರುವ ವಾಷ್ ಕೊಟ್ಟು, ಒಣಗಿಸಿ, ಮತ್ತೆ ಅಳೆಯುವುದು. ಅಡ್ಡ ಅಳತೆ 48ಕ್ಕೆ ಬಂದರೆ ಕುಗ್ಗು ಶೇ. 4. ಆ ಅಂಕಿ ಥಾನಿನ ಮೇಲೆ ಬರೆಯದೆ ಕತ್ತರಿ ಮುಟ್ಟಬಾರದು. ಹೊಣೆ ಕಟಿಂಗ್ ಮಾಸ್ಟರ್ ಅವರದು. ತುಂಡನ್ನು ವಾಷಿಂಗ್‌ಗೆ ಕಳಿಸಿ ತರಿಸುವುದು ನನ್ನದು. ಒಂದು ದಿನ ತಡವಾಗುತ್ತದೆ, ಮಾಲೀಕರು ಒಪ್ಪಿದ್ದಾರೆ.

ಶೇಡ್‌ಗೆ: ಕತ್ತರಿಸಿದ ಭಾಗಗಳಿಗೆ ಪದರದ ನಂಬರ್ ಸ್ಟಿಕ್ಕರ್. ಒಂದೇ ನಂಬರಿನ ಭಾಗಗಳನ್ನೇ ಜೋಡಿಸಿ ಹೊಲಿಯುವುದು.

ಬಟನ್, ಲೇಬಲ್ ದೂರುಗಳಿಗೆ ಈಗ ಹೊಸ ಕ್ರಮ ಏನೂ ಇಲ್ಲ. ಬಂದಂತೆ ರಿಪೇರಿ ಮಾಡಿ, ಪುಸ್ತಕದಲ್ಲಿ ಬರೆಯಿರಿ.

ಜುಲೈ–ಸೆಪ್ಟೆಂಬರ್ ದೂರುಗಳನ್ನು ಇದೇ ಸಾಲುಗಳಲ್ಲಿ, ಇದೇ ಅಳತೆಯ ಪಟ್ಟಿಯಲ್ಲಿ ಎಣಿಸಿ, ಅಕ್ಟೋಬರ್ ಮೊದಲ ವಾರ ಈ ಚಾರ್ಟ್ ಪಕ್ಕದಲ್ಲೇ ಅಂಟಿಸುತ್ತೇವೆ. ಅಷ್ಟರಲ್ಲಿ ಎಷ್ಟು ಪ್ಯಾಂಟ್ ಕಳಿಸಿದ್ದೇವೆ ಅನ್ನುವುದನ್ನೂ ಪ್ಯಾಕಿಂಗ್‌ನವರು ಬರೆದಿಡಬೇಕು. ಮಾಲು ಕಡಿಮೆ ಹೋಗಿ ದೂರು ಇಳಿದರೆ ಅದು ಸುಧಾರಣೆ ಅಲ್ಲ, ಅಲ್ವಾ?

— ಕ್ವಾಲಿಟಿ ಸೂಪರ್‌ವೈಸರ್