ಲೆಕ್ಕಪತ್ರ ವ್ಯವಸ್ಥಾಪಕ ಹುದ್ದೆಗೆ ಅರ್ಜಿ

ಕಲಬುರಗಿ
ದಿನಾಂಕ: 3 ಫೆಬ್ರವರಿ 2025

ಇವರಿಂದ:
ಶರಣಬಸಪ್ಪ
ಲೆಕ್ಕಪತ್ರ ಸೇವಾ ಕಚೇರಿ, ನೆಹರೂ ಗಂಜ್, ಕಲಬುರಗಿ

ಇವರಿಗೆ:
ವ್ಯವಸ್ಥಾಪಕ ನಿರ್ದೇಶಕರು
ತೊಗರಿ ಬೇಳೆ ಸಂಸ್ಕರಣಾ ಘಟಕ, ಕಪನೂರ ಕೈಗಾರಿಕಾ ಪ್ರದೇಶ, ಕಲಬುರಗಿ

ವಿಷಯ: ಲೆಕ್ಕಪತ್ರ ವ್ಯವಸ್ಥಾಪಕ ಹುದ್ದೆಗೆ ನನ್ನನ್ನು ಪರಿಗಣಿಸುವ ಕುರಿತು.

ಮಾನ್ಯರೇ,

ತಮ್ಮ ಘಟಕದಲ್ಲಿ ತೆರವಾಗಿರುವ ಮೇಲ್ಕಂಡ ಹುದ್ದೆಗೆ ಈ ಅರ್ಜಿಯನ್ನು ಸಲ್ಲಿಸುತ್ತಿದ್ದೇನೆ. ನಾನು ಬಿ.ಕಾಂ. ಪದವೀಧರ. ಜಿಎಸ್‌ಟಿ ಜಾರಿಗೆ ಬಂದ 2017ರಲ್ಲಿ ಸ್ವಂತ ಕಚೇರಿ ತೆರೆದು, ಅಂದಿನಿಂದ ಗಂಜಿನ ಅಡತಿ ಅಂಗಡಿಗಳ ಮತ್ತು ಸಣ್ಣ ಬೇಳೆ ಮಿಲ್ಲುಗಳ ಲೆಕ್ಕ ನೋಡಿಕೊಳ್ಳುತ್ತಿದ್ದೇನೆ.

ಇಷ್ಟು ಕಾಲ ಯಾರ ಕೈಕೆಳಗೂ ಇರದವನು ಸಂಬಳದ ಕೆಲಸಕ್ಕೆ ಒಗ್ಗುವನೇ ಎಂಬ ಪ್ರಶ್ನೆ ತಮಗೆ ಬರುವುದು ಸಹಜವಾದ್ದರಿಂದ, ಅದಕ್ಕೆ ಮೊದಲೇ ಉತ್ತರಿಸುತ್ತೇನೆ. ಸ್ವಂತ ಕಚೇರಿಯಲ್ಲಿ ನಾನು ಬರೆದ ಲೆಕ್ಕವನ್ನು ಮತ್ತೊಮ್ಮೆ ತಿದ್ದುವ ಮೇಲಧಿಕಾರಿ ಇರಲಿಲ್ಲ. ಆದ್ದರಿಂದ ಖರೀದಿ ಚೀಟಿಯಿಂದ ಹಿಡಿದು ಪ್ರತಿ ತಿಂಗಳ ರಿಟರ್ನ್‌ವರೆಗೆ ಎಲ್ಲವನ್ನೂ ನಾನೇ ಪರಿಶೀಲಿಸಿ, ನಾನೇ ಹೊಣೆ ಹೊರುವ ಅಭ್ಯಾಸ ಬೆಳೆಯಿತು. ಸ್ವಾತಂತ್ರ್ಯವೆಂದು ನಾನು ತಿಳಿದಿರುವುದು ಈ ಹೊಣೆಯನ್ನೇ.

ಒಂದು ನಿದರ್ಶನ ಕೊಡಬಯಸುತ್ತೇನೆ. 2022ರ ಜುಲೈ 18ರಿಂದ, 25 ಕಿಲೋವರೆಗಿನ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೇಳೆಗೆ ಶೇ. 5ರಷ್ಟು ಜಿಎಸ್‌ಟಿ ಬಂದಾಗ ಮಿಲ್ಲಿನವರಲ್ಲಿ ಬಹಳ ಗೊಂದಲವಿತ್ತು. ನಾನು ಅಧಿಸೂಚನೆಯನ್ನು ಓದಿ, 25 ಕಿಲೋ ಮತ್ತು 30 ಕಿಲೋ ಚೀಲಗಳನ್ನು ಟ್ಯಾಲಿಯಲ್ಲಿ ಬೇರೆ ಬೇರೆ ಸರಕಾಗಿ ನಮೂದಿಸುವ ವ್ಯವಸ್ಥೆ ಮಾಡಿಕೊಟ್ಟೆ. ಆಗ ಒಬ್ಬ ವ್ಯಾಪಾರಿ, 25 ಕಿಲೋ ಚೀಲಗಳನ್ನೇ 30 ಕಿಲೋ ಎಂದು ಬಿಲ್ಲಿನಲ್ಲಿ ತೋರಿಸುವಂತೆ ಒತ್ತಾಯಿಸಿದರು. ನಾನು ಒಪ್ಪಲಿಲ್ಲ, ಅವರ ಕೆಲಸ ಕೈತಪ್ಪಿತು, ಆದಾಯಕ್ಕೂ ಪೆಟ್ಟು ಬಿತ್ತು. ಮಾಲೀಕರು ಕೇಳಿದಾಗಲೂ ತಪ್ಪನ್ನು ತಪ್ಪೆಂದು ಹೇಳಬಲ್ಲ ಲೆಕ್ಕಿಗನೇ ಸಂಸ್ಥೆಯನ್ನು ದಂಡದಿಂದ ಕಾಯುತ್ತಾನೆಂದು ನಾನು ದೃಢವಾಗಿ ನಂಬಿದ್ದೇನೆ.

ಹಾಗಾದರೆ ಸಂಬಳದ ಕೆಲಸವೇಕೆ? ಹಲವರ ಲೆಕ್ಕ ನೋಡುವವನಿಗೆ ಯಾವ ಮಿಲ್ಲಿನ ಒಳಗೂ ಪೂರ್ತಿ ಇಳಿಯಲು ಆಗುವುದಿಲ್ಲ. ಒಳಬಂದ ತೊಗರಿ ಎಷ್ಟು, ಹೊರಬಿದ್ದ ಬೇಳೆ, ನುಚ್ಚು, ಹೊಟ್ಟು ಎಷ್ಟು ಎಂಬುದನ್ನು ದಿನವೂ ತಾಳೆ ನೋಡಿದರೆ ನಷ್ಟ ಎಲ್ಲಿ ಆಗುತ್ತಿದೆಯೆಂದು ತಿಂಗಳ ಕೊನೆಗೆ ಮುಂಚೆಯೇ ತಿಳಿಯುತ್ತದೆ. ಆದರೆ ಕಾಗದ ಕೈಸೇರಿದ ಮೇಲಷ್ಟೇ ಕೆಲಸ ಆರಂಭಿಸುವ ಹೊರಗಿನವನಿಗೆ ಅದು ಸಾಧ್ಯವಿಲ್ಲ. ಡಿಸೆಂಬರಿನ ಹೊಸ ತೊಗರಿಯಿಂದ ಮುಂದಿನ ಸುಗ್ಗಿಯವರೆಗೆ ಒಂದೇ ಘಟಕದ ಜೊತೆಗಿದ್ದು ಈ ಕೆಲಸ ಮಾಡಬೇಕೆಂಬುದು ನನ್ನ ಬಹುದಿನದ ಆಸೆ.

ಆಯ್ಕೆಯಾದರೆ ನನ್ನ ಗ್ರಾಹಕರ ಲೆಕ್ಕಗಳನ್ನು ಮಾರ್ಚ್ 31ರೊಳಗೆ ಬೇರೆಯವರಿಗೆ ಒಪ್ಪಿಸಿ, ಕಚೇರಿಯನ್ನು ಮುಚ್ಚಿ, ಏಪ್ರಿಲ್ 1ರಿಂದ ಕರ್ತವ್ಯಕ್ಕೆ ಹಾಜರಾಗುತ್ತೇನೆ. ಸೇವೆಯಲ್ಲಿರುವಾಗ ಹೊರಗಿನ ಯಾವ ಲೆಕ್ಕವನ್ನೂ ನೋಡುವುದಿಲ್ಲವೆಂದು ಲಿಖಿತವಾಗಿ ಕೊಡಲು ಸಿದ್ಧನಿದ್ದೇನೆ. ಪದವಿ ಪ್ರಮಾಣಪತ್ರದ ಪ್ರತಿಯನ್ನು ಲಗತ್ತಿಸಿದ್ದೇನೆ. ಸಂದರ್ಶನಕ್ಕೆ ತಾವು ತಿಳಿಸಿದ ದಿನ ಬರುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ
ಶರಣಬಸಪ್ಪ