ಗಮನ ನಿಲ್ಲದ ಮಕ್ಕಳಿಗೆ ಸಾಮಾನ್ಯ ತರಗತಿಯಲ್ಲೇ ನೆರವು: ಕೊಡಗಿನ ಶಾಲೆಯಲ್ಲಿ ಮಾಡಬಹುದಾದದ್ದು

ಬಿ.ಎಡ್. ಎರಡನೇ ವರ್ಷ, ಸಮನ್ವಯ ಶಿಕ್ಷಣ ಪತ್ರಿಕೆಯ ಅಸೈನ್‌ಮೆಂಟ್

"ಆಟಕ್ಕೆ ಬಿಟ್ಟರೆ ಎರಡು ಗಂಟೆ ಬೇಕಾದರೂ ಆಡ್ತಾನೆ, ಲೆಕ್ಕ ಅಂದ ಕೂಡಲೇ ಕಿಟಕಿ ಕಡೆ ನೋಡ್ತಾನೆ, ಸುಮ್ನೆ ಸೋಮಾರಿ." ಯಾವ ಶಾಲೆಯ ಸ್ಟಾಫ್ ರೂಮಿಗೆ ಹೋದರೂ ಈ ಮಾತು ಕೇಳುತ್ತದೆ. ಆಟದಲ್ಲಿ ಗಮನ ಇರುವುದನ್ನೇ ನಾವು ಸೋಮಾರಿತನಕ್ಕೆ ಸಾಕ್ಷಿ ಮಾಡಿಬಿಡುತ್ತೇವೆ. ಆದರೆ ಗಮನದ ತೊಂದರೆ ಇರುವುದೇ ಹೀಗೆ. ಇಷ್ಟದ ಕೆಲಸದಲ್ಲಿ, ಕೂಡಲೇ ಫಲ ಸಿಗುವ ಕೆಲಸದಲ್ಲಿ ಗಮನ ತಾನಾಗಿ ನಿಲ್ಲುತ್ತದೆ. ಬೇರೆಯವರು ಹೇಳಿದ, ಬೇಸರ ಬರಿಸುವ, ಫಲ ದೂರ ಇರುವ ಕೆಲಸಕ್ಕೆ ಅದನ್ನು ತಿರುಗಿಸಿ ಹಿಡಿದಿಡುವುದು ಆ ಮಗುವಿಗೆ ಕಷ್ಟ. ಮನೆಕೆಲಸ ಬರೆದುಕೊಳ್ಳಬೇಕು, ಕೈ ಎತ್ತಿ ಮಾತಾಡಬೇಕು ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತು. ಗೊತ್ತಿರುವುದನ್ನು ಆ ಹೊತ್ತಿಗೆ ಮಾಡಲು ಆಗುವುದಿಲ್ಲ. ಹಾಗಾಗಿ ಪಾಠ ಮುಗಿದ ಮೇಲೆ ಕರೆದು ಬುದ್ಧಿ ಹೇಳುವುದರಿಂದ ಹೆಚ್ಚೇನೂ ಆಗದು, ಕೆಲಸ ನಡೆಯುವ ಜಾಗದಲ್ಲಿ, ನಡೆಯುವ ಹೊತ್ತಿನಲ್ಲೇ ನೆರವು ಸಿಗಬೇಕು. ಈ ಅಸೈನ್‌ಮೆಂಟಿನಲ್ಲಿ ನಾನು ಹೇಳಹೊರಟಿರುವುದು ಇಷ್ಟೇ.

ಇಂಟರ್ನ್‌ಶಿಪ್ಪಿನಲ್ಲಿ ನಾನು ಪಾಠ ಮಾಡಿದ್ದು ಸುಂಟಿಕೊಪ್ಪದ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ಮಕ್ಕಳ ಹೆಸರು ಬದಲಿಸಿದ್ದೇನೆ.

ಮೊದಲು ನೋಡಬೇಕಾದದ್ದು

ಗಮನ ನಿಲ್ಲದಿರುವ, ಚಡಪಡಿಕೆಯ ಈ ತೊಂದರೆಗೆ ಡಾಕ್ಟರುಗಳು ಇಟ್ಟಿರುವ ಎಡಿಎಚ್‌ಡಿ ಅನ್ನುವ ಹೆಸರು ಈಗ ಎಲ್ಲರ ಬಾಯಲ್ಲೂ ಇದೆ. 2013ರಲ್ಲಿ ಬಂದ, ಮನೋವೈದ್ಯರು ತೊಂದರೆ ಗುರುತಿಸಲು ಬಳಸುವ ಡಿಎಸ್ಎಂ-5 ಕೈಪಿಡಿಯ ಪ್ರಕಾರ ಗಮನ ನಿಲ್ಲದಿರುವುದರ ಪಟ್ಟಿಯಲ್ಲಾಗಲಿ, ಚಡಪಡಿಕೆ ಮತ್ತು ಆತುರದ ಪಟ್ಟಿಯಲ್ಲಾಗಲಿ ಕನಿಷ್ಠ 6 ಲಕ್ಷಣಗಳು ಕನಿಷ್ಠ 6 ತಿಂಗಳು ಕಾಣಿಸಬೇಕು. ಅವುಗಳಲ್ಲಿ ಹಲವು 12 ವರ್ಷಕ್ಕೆ ಮೊದಲೇ ಇದ್ದಿರಬೇಕು. ಶಾಲೆ, ಮನೆ ಹೀಗೆ ಎರಡು ಕಡೆಯಾದರೂ ಇರಬೇಕು. ನೂರು ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಇರುತ್ತದೆ ಎಂದು ಹೇಳುತ್ತಾರೆ, ಅಂದರೆ 30 ಮಕ್ಕಳ ತರಗತಿಯಲ್ಲಿ ಒಂದಿಬ್ಬರು. ಹೆಸರು ಇಡುವ ಕೆಲಸ ಮಾತ್ರ ಡಾಕ್ಟರದು. ಕಂಡದ್ದನ್ನು ಬರೆದಿಡುವುದು ನಮ್ಮ ಕೆಲಸ. "ತುಂಬಾ ಚೇಷ್ಟೆ" ಎಂದು ಬರೆದರೆ ಯಾರಿಗೂ ಉಪಯೋಗ ಇಲ್ಲ. "ಗಣಿತದ ಪೀರಿಯಡ್‌ನಲ್ಲಿ ಮೂರು ಸಲ ಎದ್ದ, ಮೂರು ಸಲವೂ ಬೋರ್ಡಿನಿಂದ ನಕಲು ಮಾಡುವಾಗ" ಎಂದು ಬರೆದರೆ ಮುಂದಿನ ದಾರಿ ಸಿಗುತ್ತದೆ.

ಗಮನ ಇಲ್ಲದ ಹಾಗೆ ಕಾಣಿಸುವ ಮಕ್ಕಳೆಲ್ಲರಿಗೂ ಈ ತೊಂದರೆ ಇರುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಇದನ್ನು ಜಾಸ್ತಿ ಎಚ್ಚರದಿಂದ ನೋಡಬೇಕು. ಒಂದೇ ತರಗತಿಯಲ್ಲಿ ಮನೆಯಲ್ಲಿ ಕೊಡವ ತಕ್ಕ್ ಆಡುವವರು, ಅರೆಭಾಷೆ, ಮಲಯಾಳಂ, ತುಳು, ಯರವ ಭಾಷೆ ಆಡುವವರು ಇರುತ್ತಾರೆ. ತೋಟದ ಕೆಲಸಕ್ಕೆ ಹೊರರಾಜ್ಯದಿಂದ ಬಂದವರ ಮಕ್ಕಳೂ ಇರುತ್ತಾರೆ. ಮೇಷ್ಟ್ರ ಕನ್ನಡ ಅರ್ಧಂಬರ್ಧ ಅರ್ಥವಾಗುವ ಮಗು ಎಷ್ಟು ಹೊತ್ತು ಕೇಳಿಸಿಕೊಂಡೀತು? ಅದೇ ಮಗು ಅದರ ಭಾಷೆಯಲ್ಲಿ ಹೇಳಿದಾಗ, ಚಿತ್ರ ತೋರಿಸಿದಾಗ ಗಮನ ಕೊಡುತ್ತದೆಯೇ ಎಂದು ನೋಡಿ. ಕಿವಿ ಸೋರುವ ಮಗುವಿಗೆ ಕೇಳಿಸುವುದೇ ಕಡಿಮೆ ಇರಬಹುದು. ಕಣ್ಣು, ನಿದ್ದೆ, ಹಸಿವು, ರಕ್ತಹೀನತೆ ಇವನ್ನೂ ವಿಚಾರಿಸಬೇಕು. ತೋಟದ ಕೆಲಸಗಾರರ ಲೈನ್ ಮನೆಯ ಒಂದೇ ಕೋಣೆಯಲ್ಲಿ ಎಲ್ಲರೂ ಮಲಗುವಾಗ ಮಗು ಎಷ್ಟು ಗಂಟೆಗೆ ನಿದ್ದೆ ಹೋಯಿತು ಅನ್ನುವುದು ಸಣ್ಣ ಪ್ರಶ್ನೆ ಅಲ್ಲ. ಇನ್ನೊಂದು ವಿಷಯವಂತೂ ಪ್ರತಿ ಶಿಕ್ಷಕರಿಗೂ ಗೊತ್ತಿರಲೇಬೇಕು. ಕೆಲವು ಮಕ್ಕಳು ಕೆಲವೇ ಸೆಕೆಂಡು ಶೂನ್ಯವಾಗಿ ನೋಡುತ್ತಾರೆ, ಭುಜ ಮುಟ್ಟಿ ಕರೆದರೂ ಎಚ್ಚರವಾಗುವುದಿಲ್ಲ, ಆಮೇಲೆ ಏನೂ ಆಗದವರ ಹಾಗೆ ಬರೆಯುವುದನ್ನು ಮುಂದುವರಿಸುತ್ತಾರೆ. ಅದು ಕನಸು ಕಾಣುವುದಲ್ಲ, ಮೂರ್ಛೆರೋಗದ ಒಂದು ಬಗೆ ಇರಬಹುದು. ತಡ ಮಾಡದೆ ಡಾಕ್ಟರಿಗೆ ತೋರಿಸಲು ಹೇಳಬೇಕು.

ಗಲಾಟೆ ಮಾಡುವ ಹುಡುಗ ಎಲ್ಲರ ಕಣ್ಣಿಗೆ ಬೀಳುತ್ತಾನೆ. ಲಕ್ಷ್ಮಿಯಂಥವಳು ಬೀಳುವುದಿಲ್ಲ. ಹಿಂದಿನ ಬೆಂಚಿನಲ್ಲಿ ತೆಪ್ಪಗೆ ಕೂತಿರುತ್ತಾಳೆ, ಪುಟ ತಿರುಗಿಸುತ್ತಾಳೆ, ತಲೆ ಆಡಿಸುತ್ತಾಳೆ, ನೋಟ್ಸ್ ನೋಡಿದರೆ ಎಲ್ಲವೂ ಅರ್ಧಕ್ಕೆ ನಿಂತಿದೆ. ಅವಳಿಂದ ಯಾರಿಗೂ ತೊಂದರೆ ಇಲ್ಲ, ಅದಕ್ಕೇ ಅವಳಿಗೆ ನೆರವೂ ಇಲ್ಲ. ಇದು ನನಗೆ ತುಂಬಾ ಸಂಕಟ ಕೊಡುವ ಸಂಗತಿ.

ನಾಲ್ಕನೇ ತರಗತಿಯ ತಿರುವು

ಒಂದರಿಂದ ಮೂರರವರೆಗೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ನಲಿ-ಕಲಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು. ಕಾರ್ಡು, ಗುಂಪು, ಕಲಿಕಾ ಏಣಿ, ತನ್ನ ವೇಗದಲ್ಲಿ ಹತ್ತುವ ಅವಕಾಶ ಎಲ್ಲ ಇರುತ್ತದೆ. ಮಗು ಎದ್ದು ಓಡಾಡುವುದು ಅಲ್ಲಿ ತಪ್ಪಲ್ಲ. ನಾಲ್ಕಕ್ಕೆ ಬಂದ ಕೂಡಲೇ ಬೆಂಚು, ಬೋರ್ಡು, 40 ನಿಮಿಷದ ಪಾಠ. ಎಷ್ಟೋ ಮಕ್ಕಳ ಮೇಲೆ ದೂರು ಶುರುವಾಗುವುದು ಇಲ್ಲಿಂದಲೇ. ನನ್ನ ಅಭಿಪ್ರಾಯದಲ್ಲಿ ನಲಿ-ಕಲಿಯ ಮೂರು ಗುಣಗಳನ್ನು ಮೇಲಿನ ತರಗತಿಗೂ ಒಯ್ದರೆ ಅರ್ಧ ಕೆಲಸ ಆದ ಹಾಗೆ: ಸಣ್ಣ ಸಣ್ಣ ಮೆಟ್ಟಿಲು, ಕೈಗೆ ಕೆಲಸ, ತಾನು ಎಲ್ಲಿದ್ದೇನೆ ಎಂದು ಮಗುವಿಗೇ ಕಾಣುವ ಗುರುತು.

ಒಂದು ಪೀರಿಯಡ್, ಜುಲೈ ಮಳೆಯಲ್ಲಿ

ಐದನೇ ತರಗತಿ, ಭಿನ್ನರಾಶಿ. ಶೀಟಿನ ಮಾಡಿನ ಮೇಲೆ ಮಳೆ ಬೀಳುವಾಗ ಎದುರಿನ ಬೆಂಚಿಗೂ ಮಾತು ಕೇಳುವುದಿಲ್ಲ, ಬೆಳಕು ಕಡಿಮೆ, ಮಕ್ಕಳು ಬೆಳಗ್ಗಿನಿಂದ ಹೊರಗೆ ಹೋಗಿಲ್ಲ. ಗಮನದ ತೊಂದರೆ ಇರುವ ಮಗುವಿಗೆ ಇದಕ್ಕಿಂತ ಕಷ್ಟದ ದಿನ ಇಲ್ಲ. ಹಾಗಾಗಿ ಬಾಯಿಮಾತನ್ನು ನಂಬದೆ ಪಾಠ ಕಟ್ಟಬೇಕು.

ಈ ತರಗತಿಯಲ್ಲಿ ಗಮನ ನಿಲ್ಲದ ಹುಡುಗ ರವಿ. ಅವನನ್ನು ಎರಡನೇ ಸಾಲಿನಲ್ಲಿ, ಬಾಗಿಲು ಕಿಟಕಿಯಿಂದ ದೂರ, ನಿಧಾನ ಸ್ವಭಾವದ ಗೆಳೆಯನ ಪಕ್ಕ ಕೂರಿಸುತ್ತೇನೆ. ಒಬ್ಬನನ್ನೇ ಮೂಲೆಯಲ್ಲಿ ಕೂರಿಸಿದರೆ ಅದು ನೆರವಲ್ಲ, ಶಿಕ್ಷೆ. ಮೊದಲ 3 ನಿಮಿಷ ನಿಂತಲ್ಲೇ ಚಟುವಟಿಕೆ: ಅರ್ಧ ಅಂದರೆ ಅರ್ಧ ಬಗ್ಗಬೇಕು, ಪೂರ್ತಿ ಅಂದರೆ ನೇರ ನಿಲ್ಲಬೇಕು. ಇದು ಎಲ್ಲರಿಗೂ. ಬೋರ್ಡಿನ ಬಲಗಡೆ ಇವತ್ತಿನ ಕೆಲಸ ಮೂರು ಸಾಲಿನಲ್ಲಿ ಬರೆದಿರುತ್ತದೆ: ಮಡಚು, ಬಣ್ಣ ಹಚ್ಚು, ಬರೆ. ಒಂದೊಂದು ಮುಗಿದಾಗ ಅದಕ್ಕೆ ಗೆರೆ ಎಳೆಯುವುದು ರವಿಯ ಕೆಲಸ. ಕಾಗದದ ಪಟ್ಟಿ ಹಂಚುವುದೂ ಅವನೇ. ಎದ್ದು ಓಡಾಡಬೇಕಾದ ಮಗುವಿಗೆ ಓಡಾಡಲು ಒಂದು ಮರ್ಯಾದೆಯ ಕಾರಣ ಕೊಟ್ಟರೆ ಕಾರಣ ಇಲ್ಲದೆ ಏಳುವುದು ಕಡಿಮೆಯಾಗುತ್ತದೆ.

ಸೂಚನೆ ಒಂದು ಸಲಕ್ಕೆ ಒಂದೇ. "ಪುಸ್ತಕ ತೆಗೆದು 42ನೇ ಪುಟದ ಎರಡನೇ ಲೆಕ್ಕ ನೋಡಿ, ತಾರೀಖು ಹಾಕಿ, ಅಂಚು ಎಳೆದು ಶುರು ಮಾಡಿ" ಎಂದರೆ ನಾಲ್ಕೈದು ಕೆಲಸ ಒಟ್ಟಿಗೆ ಹೇಳಿದ ಹಾಗೆ. ಅವನ ತಲೆಯಲ್ಲಿ ಮೊದಲನೆಯದೋ ಕೊನೆಯದೋ ಮಾತ್ರ ಉಳಿಯುತ್ತದೆ. ಹತ್ತಿರ ಹೋಗಿ, ಬೆಂಚಿನ ಮೇಲೆ ಬೆರಳಿಟ್ಟು, "ಮೊದಲು ಏನು ಮಾಡ್ತೀಯ?" ಎಂದು ಕೇಳಿ ಅವನ ಬಾಯಿಂದಲೇ ಹೇಳಿಸುವುದು ಒಳ್ಳೆಯದು. ಹತ್ತು ಲೆಕ್ಕದ ಬದಲು ನಾಲ್ಕು ಲೆಕ್ಕದ ಚೀಟಿ ಕೊಡಬೇಕು, ಅದು ಮುಗಿಸಿ ತೋರಿಸಿದ ಮೇಲೆ ಇನ್ನೊಂದು ಚೀಟಿ. ಲೆಕ್ಕ ಸುಲಭ ಮಾಡುವುದು ಬೇಡ, ಒಮ್ಮೆಗೆ ಕಣ್ಣಿಗೆ ಬೀಳುವ ರಾಶಿ ಕಡಿಮೆ ಮಾಡಿದರೆ ಸಾಕು. ನಕಲು ಮಾಡುವುದರಲ್ಲೇ ಅವನ ಶಕ್ತಿ ಖಾಲಿಯಾಗುವುದಾದರೆ ಪ್ರಶ್ನೆ ಬರೆಸದೆ ಉತ್ತರ ಮಾತ್ರ ಬರೆಸಬಹುದು. ಪರೀಕ್ಷಿಸುತ್ತಿರುವುದು ಭಿನ್ನರಾಶಿಯನ್ನು ತಾನೇ, ಅಕ್ಷರವನ್ನಲ್ಲ.

ಗಮನ ಜಾರಿದಾಗ ಇಡೀ ತರಗತಿಗೆ ಕೇಳುವ ಹಾಗೆ ಹೆಸರು ಕೂಗುವುದು ಬೇಡ. ಮೊದಲೇ ಅವನ ಜೊತೆ ಮಾತಾಡಿ ಒಂದು ಸನ್ನೆ ಗೊತ್ತು ಮಾಡಿಕೊಂಡರಾಯಿತು, ಪುಸ್ತಕದ ಮೂಲೆ ಮುಟ್ಟಿದರೆ "ವಾಪಸ್ ಬಾ" ಎಂದರ್ಥ. ಸರಿಯಾಗಿ ಮಾಡುತ್ತಿರುವಾಗ ಕೂಡಲೇ ಹೇಳಬೇಕು, ಏನು ಸರಿ ಎಂದೂ ಹೇಳಬೇಕು: "ಕೈ ಎತ್ತಿ ಕಾದೆ, ಒಳ್ಳೇದಾಯ್ತು." ಸಂಜೆ ಹೇಳಿದ ಹೊಗಳಿಕೆಗೆ ಈ ಮಕ್ಕಳ ಹತ್ತಿರ ಬೆಲೆ ಕಡಿಮೆ, ಅಷ್ಟು ಹೊತ್ತಿಗೆ ಆ ಗಳಿಗೆ ಹೋಗಿಯಾಗಿರುತ್ತದೆ.

ಶಿಕ್ಷೆ ಎಂದು ಆಟದ ಪೀರಿಯಡ್ ಕಿತ್ತುಕೊಳ್ಳುವ ಅಭ್ಯಾಸ ನಿಲ್ಲಲೇಬೇಕು. ಓಡಾಟ ಯಾರಿಗೆ ಅತಿ ಹೆಚ್ಚು ಬೇಕೋ ಅವರಿಂದಲೇ ಅದನ್ನು ತೆಗೆದರೆ ಮುಂದಿನ ಪೀರಿಯಡ್ ಇನ್ನೂ ಕೆಡುತ್ತದೆ. ಹೊಡೆಯುವುದು, ಅವಮಾನ ಮಾಡುವುದಂತೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಕಾನೂನಿಗೇ ವಿರುದ್ಧ.

ದಿನದ ಕಾರ್ಡು

ಬೇರೆ ಬೇರೆ ದೇಶಗಳ ಶಾಲೆಗಳಲ್ಲಿ ಬಳಸಿ ಉಪಯೋಗ ಕಂಡ ಒಂದು ಉಪಾಯ ಇದು, ಖರ್ಚು ಒಂದು ಕಾಗದ ಮಾತ್ರ. ರವಿಗೆ ಮಾಡಿದ ಕಾರ್ಡಿನಲ್ಲಿ ಮೂರು ಸಾಲು ಇದ್ದವು: "ಪಾಠ ಶುರುವಾದಾಗ ಪುಸ್ತಕ, ಪೆನ್ಸಿಲ್ ಎದುರಿಗಿತ್ತು", "ಕೆಲಸದ ಮೊದಲ ಚೀಟಿ ಮುಗಿಸಿದೆ", "ಕೈ ಎತ್ತಿ ಮಾತಾಡಿದೆ". ಪ್ರತಿ ಪೀರಿಯಡ್ ಮುಗಿದಾಗ ಟೀಚರ್ ಟಿಕ್ ಹಾಕುತ್ತಾರೆ. ಮಾಡಬಾರದ್ದರ ಪಟ್ಟಿ ಬರೆಯಬೇಡಿ, ಮಾಡಬೇಕಾದದ್ದನ್ನು ಬರೆಯಿರಿ. ಗುರಿಯನ್ನು ಅವನು ಈಗ ಮಾಡುತ್ತಿರುವುದಕ್ಕಿಂತ ಸ್ವಲ್ಪವೇ ಮೇಲೆ ಇಡಿ, ಮೊದಲ ವಾರ ಅವನು ಗೆಲ್ಲಲೇಬೇಕು, ಇಲ್ಲದಿದ್ದರೆ ಕಾರ್ಡು ಇನ್ನೊಂದು ದೂರಿನ ಪುಸ್ತಕವಾಗುತ್ತದೆ.

ಕಾರ್ಡು ಮನೆಗೆ ಹೋಗಬೇಕು ಎಂಬುದು ನಿಯಮ. ಆದರೆ ಡಿಸೆಂಬರಿನಿಂದ ಕಾಫಿ ಕೊಯ್ಲು. ಅಪ್ಪ ಅಮ್ಮ ಬೆಳಗ್ಗೆ ಹೋದವರು ಸಂಜೆ ದಣಿದು ಬರುತ್ತಾರೆ, ಕೆಲವರಿಗೆ ಓದಲೂ ಬರುವುದಿಲ್ಲ. ಅವರಿಗೆ ಆಸಕ್ತಿ ಇಲ್ಲ ಎಂದು ಹೇಳುವುದು ಅನ್ಯಾಯ. ಕೊಯ್ಲಿನ ತಿಂಗಳುಗಳಲ್ಲಿ ಬಹುಮಾನ ಶಾಲೆಯಲ್ಲೇ ಕೊಟ್ಟುಬಿಡಿ: ಲೈಬ್ರರಿ ಪುಸ್ತಕ ಮೊದಲು ಆರಿಸುವುದು, ಬೆಲ್ ಹೊಡೆಯುವುದು, ಗಿಡಕ್ಕೆ ನೀರು ಹಾಕುವುದು. ಮನೆಗೆ ಹೋಗುವ ಕಾರ್ಡಿನಲ್ಲಿ ಟಿಕ್ ಬದಲು ನಗುಮುಖ ಬರೆದರೆ ಯಾರಿಗಾದರೂ ಅರ್ಥವಾಗುತ್ತದೆ. ತಾಯಿಯನ್ನು ಕರೆದಾಗ ಮೊದಲ ಮಾತು ದೂರು ಆಗದಿರಲಿ. "ಅಕ್ಕಾ, ಮನೇಲಿ ಇವನು ಯಾವ ಕೆಲಸ ಚೆನ್ನಾಗಿ ಮಾಡ್ತಾನೆ?" ಎಂದು ಕೇಳಿದಾಗ ರವಿಯ ಅಮ್ಮ, "ಕೋಳಿ, ದನ ಎಲ್ಲ ಅವನೇ ನೋಡ್ಕೊಳ್ಳೋದು ಮಿಸ್, ಒಂದು ದಿನಾನೂ ಮರೆತಿಲ್ಲ" ಎಂದರು. ದಿನಾ ಒಂದೇ ಹೊತ್ತು, ಕಣ್ಣೆದುರಿಗೆ ಇರುವ ಕೆಲಸ, ಕೂಡಲೇ ಕಾಣುವ ಫಲ. ಶಾಲೆಯ ಕೆಲಸವನ್ನೂ ಹಾಗೆಯೇ ಜೋಡಿಸಬಹುದು ಎಂಬ ಧೈರ್ಯ ನನಗೆ ಬಂದದ್ದು ಆ ಮಾತಿನಿಂದ.

ಯಾರನ್ನು ಕೇಳುವುದು

ಇಷ್ಟೆಲ್ಲ ಮಾಡಿಯೂ ಕೆಲವು ವಾರದಲ್ಲಿ ಬದಲಾವಣೆ ಕಾಣದಿದ್ದರೆ ಹೆಡ್ ಮಾಸ್ಟರ್ ಮೂಲಕ ಬ್ಲಾಕಿನ ಬಿಐಇಆರ್‌ಟಿ, ಅಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು ಕರೆಸಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ನಮ್ಮ ಟಿಪ್ಪಣಿ ತೋರಿಸಬಹುದು. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರದ್ದು, ಹೆಚ್ಚಿನ ಪರೀಕ್ಷೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗ ಇದೆ. ಡಾಕ್ಟರ್ ಮಾತ್ರೆ ಕೊಟ್ಟರೆ ಕೊಡಿ, ಬಿಡಿ ಎಂದು ಹೇಳುವ ಅಧಿಕಾರ ನಮಗಿಲ್ಲ. ಆದರೆ ಈ ತೊಂದರೆಗೆ ಕೊಡುವ ಕೆಲವು ಮಾತ್ರೆಗಳಿಂದ ಹಸಿವು ಕಡಿಮೆಯಾಗುವುದುಂಟು, ಮಗು ಬಿಸಿಯೂಟ ಸರಿಯಾಗಿ ಮಾಡುತ್ತಿದೆಯೇ ಎಂದು ನೋಡಿ ಮನೆಗೆ ತಿಳಿಸುವುದು ನಮ್ಮಿಂದ ಆಗುವ ಕೆಲಸ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿಗೆ ಪ್ರತ್ಯೇಕ ಹೆಸರು ಇಲ್ಲ. ಹಾಗಾಗಿ ಸರ್ಟಿಫಿಕೇಟ್ ಬರಲಿ ಎಂದು ಕಾಯುತ್ತಾ ಕೂತರೆ ಮಗುವಿನ ವರ್ಷ ಹೋಗುತ್ತದೆ. ಮೇಲೆ ಹೇಳಿದ ಯಾವುದಕ್ಕೂ ಸರ್ಟಿಫಿಕೇಟ್ ಬೇಕಾಗಿಲ್ಲ ಅಲ್ವಾ?

ಕೊನೆಯದಾಗಿ, ಶಿಕ್ಷಕರು ಬದಲಾದಾಗ ಎಲ್ಲವೂ ಮೊದಲಿಂದ ಶುರುವಾಗಬಾರದು. ಮುಂದಿನ ತರಗತಿಯ ಟೀಚರಿಗೆ ಒಂದು ಪುಟ ಬರೆದುಕೊಡುವ ಪದ್ಧತಿ ಬೇಕು. ರವಿಯ ಪುಟದಲ್ಲಿ ನಾನು ಬರೆದದ್ದು ಹೀಗಿದೆ: "ಎರಡನೇ ಸಾಲು, ಗೋಡೆ ಕಡೆ. ಸೂಚನೆ ಒಂದೊಂದೇ, ಬರೆದು ತೋರಿಸಿದರೆ ಇನ್ನೂ ಒಳ್ಳೆಯದು. ಲೆಕ್ಕ ನಾಲ್ಕರ ಚೀಟಿಯಲ್ಲಿ. ಹಂಚುವ ಕೆಲಸ ಇವನಿಗೇ ಕೊಡಿ. ಪುಸ್ತಕದ ಮೂಲೆ ಮುಟ್ಟುವ ಸನ್ನೆ ಗೊತ್ತು. ಮಧ್ಯಾಹ್ನದ ನಂತರದ ಪೀರಿಯಡ್‌ಗಳಲ್ಲಿ ಕಷ್ಟ ಜಾಸ್ತಿ, ಗಣಿತ ಬೆಳಗ್ಗೆ ಇಟ್ಟರೆ ಅನುಕೂಲ. ಪ್ರಾಣಿಗಳ ಬಗ್ಗೆ ಏನು ಕೇಳಿದರೂ ಹೇಳುತ್ತಾನೆ."